ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಇಪ್ಪತ್ತು ಗ್ರಾಂ ಚಿನ್ನ

ಚಿನ್ನ ಒಳ್ಳೇದಾ, ಷೇರು ಒಳ್ಳೇದಾ ಅನ್ನೋ ಜಗಳ ನಮ್ಮ ಮನೆಗಳಲ್ಲಿ ಯಾವತ್ತೂ ಮುಗಿಯೋದಿಲ್ಲ. ಅಮ್ಮಂದಿರು ಒಂದು ಕಡೆ, ಮೊಬೈಲ್‌ನಲ್ಲಿ ಎಸ್‌ಐಪಿ ನೋಡ್ತಾ ಕೂರುವ ನಮ್ಮಂಥವರು ಇನ್ನೊಂದು ಕಡೆ. ಈ ಜಗಳದಲ್ಲಿ ನಾನು ಕೇಳಿದ ಅತ್ಯಂತ ಗಟ್ಟಿ ವಾದ ಬಂದಿದ್ದು ಯಾವ ಫೈನಾನ್ಸ್ ಚಾನೆಲ್‌ನಿಂದಲೂ ಅಲ್ಲ, ಮಳವಳ್ಳಿ ಕಡೆಯ ಒಬ್ಬ ಟ್ಯಾಕ್ಸಿ ಡ್ರೈವರ್‌ನಿಂದ.

ಅವತ್ತು ಸಂಜೆ ಮಳೆ. ಬೆಳ್ಳಂದೂರಿನಿಂದ ಹೊರಟು ಇಬ್ಬಲೂರು ದಾಟುವಷ್ಟರಲ್ಲಿ ಔಟರ್ ರಿಂಗ್ ರೋಡ್ ಪೂರ್ತಿ ಕೆಂಪು ದೀಪಗಳ ಸಾಲು. ಮ್ಯಾಪ್ ನೋಡಿದರೆ ಸಿಲ್ಕ್ ಬೋರ್ಡ್‌ಗೆ ಇನ್ನೂ ಐವತ್ತು ನಿಮಿಷ. ಎಫ್‌ಎಂನಲ್ಲಿ ಒಡವೆ ಅಂಗಡಿ ಜಾಹೀರಾತು ಬಂತು. ಡ್ರೈವರ್ ಅಣ್ಣ ವಾಲ್ಯೂಮ್ ಕಡಿಮೆ ಮಾಡಿ, "ಮಗಳ ಹೆಸರಲ್ಲಿ ಇನ್ನೊಂದು ಚೀಟಿ ಹಾಕಬೇಕು ಅಂತಿದೀನಿ ಮೇಡಂ, ಚಿನ್ನದ ಚೀಟಿ. ನೀವು ಹಾಕಿದೀರಾ?" ಅಂದರು.

"ಇಲ್ಲ ಅಣ್ಣ, ನಾನು ಇಂಡೆಕ್ಸ್ ಫಂಡ್‌ಗೆ ಹಾಕ್ತೀನಿ. ಷೇರು."

"ಅಯ್ಯೋ, ಷೇರು ಬೇಡ ಮೇಡಂ. ನಮ್ಮ ಭಾವಮೈದ ಅದರಲ್ಲೇ ಎರಡು ಲಕ್ಷ ಕಳ್ಕೊಂಡ."

ಹೇಗೆ ಕಳ್ಕೊಂಡ ಅಂತ ಕೇಳಿದೆ. ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಟಿಪ್ಸ್ ಕೊಡ್ತಿದ್ದರಂತೆ, ಬೆಳಗ್ಗೆ ತಗೊಂಡು ಸಂಜೆಯೊಳಗೆ ಮಾರೋದಂತೆ, "ಕಾಲ್, ಪುಟ್ ಏನೋ ಅಂತಾನೆ" ಅಂದರು. ಅದು ಆಪ್ಷನ್ಸ್. 2024ರಲ್ಲಿ ಸೆಬಿ ಹಿಂದಿನ ಮೂರು ವರ್ಷದ ಲೆಕ್ಕ ತೆಗೆದಾಗ, ಈ ಎಫ್ ಅಂಡ್ ಒ ಆಟ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟದಲ್ಲಿದ್ದರು. ನಾನು ಹೇಳಿದೆ: "ಅಣ್ಣ, ನಿಮ್ಮ ಭಾವಮೈದ ಷೇರು ತಗೊಂಡಿಲ್ಲ, ಷೇರಿನ ಮೇಲೆ ಪಂತ ಕಟ್ಟಿದಾರೆ. ಷೇರು ಅಂದರೆ ಒಂದು ವ್ಯಾಪಾರದಲ್ಲಿ ಸಣ್ಣ ಪಾಲು. ಇಂಡೆಕ್ಸ್ ಫಂಡ್ ಅಂದರೆ ದೇಶದ ದೊಡ್ಡ ದೊಡ್ಡ ಕಂಪನಿಗಳಲ್ಲಿ ಒಟ್ಟಿಗೆ ಒಂದೊಂದು ಚೂರು ಪಾಲು. ಅದಕ್ಕೆ ಅವಧಿ ಮುಗಿಯೋ ದಿನ ಇರಲ್ಲ."

ಅಣ್ಣ ಸ್ವಲ್ಪ ಯೋಚಿಸಿ, "ಸರಿ. ಆದ್ರೆ ಚಿನ್ನದಲ್ಲಿ ನಷ್ಟ ಅನ್ನೋದೇ ಇಲ್ವಲ್ಲ?" ಅಂದರು.

ಇಲ್ಲಿ ನನಗೆ ಮಾತಾಡೋಕೆ ಜಾಗ ಸಿಕ್ಕಿತು. ಅವರ ಹೆಂಡತಿಯ ಬಳಿ ಇಪ್ಪತ್ತು ಗ್ರಾಂ ಸರ ಇದೆ, 2012ರಲ್ಲಿ ತಗೊಂಡಿದ್ದು. ಆಗ 22 ಕ್ಯಾರೆಟ್ ಗ್ರಾಂಗೆ ಸುಮಾರು 2,850 ರೂಪಾಯಿ ಇತ್ತು. ಫೋನ್ ತೆಗೆದು ಲೆಕ್ಕ ಹಾಕಿದೆ. ಇಪ್ಪತ್ತು ಗ್ರಾಂಗೆ 57,000. ಅದರ ಮೇಲೆ ವೇಸ್ಟೇಜು, ಮೇಕಿಂಗ್ ಎಲ್ಲಾ ಸೇರಿ ನೂರಕ್ಕೆ ಹನ್ನೆರಡು ಅಂತ ಇಟ್ಟುಕೊಂಡರೆ 6,840. ತೆರಿಗೆ ಬಿಟ್ಟು 63,840 ಕೊಟ್ಟಿರುತ್ತಾರೆ. ಆಮೇಲೆ ಆರು ವರ್ಷ ಚಿನ್ನ ಹೆಚ್ಚೂ ಕಡಿಮೆ ಅಲ್ಲೇ ಮಲಗಿತ್ತು. ನಡುವೆ 2015ರಲ್ಲಿ ಇನ್ನೂ ಇಳಿದಿತ್ತು. 2018ರಲ್ಲಿ ಗ್ರಾಂಗೆ ಸುಮಾರು 2,900. ಆಗ ಮಾರಿದ್ದರೆ 58,000 ಬರ್ತಿತ್ತು, ಯಾಕಂದ್ರೆ ಹಳೇ ಒಡವೆ ಕೊಡುವಾಗ ತೂಕದ ಚಿನ್ನಕ್ಕೆ ಮಾತ್ರ ದುಡ್ಡು. ವೇಸ್ಟೇಜು ವಾಪಸ್ ಬರಲ್ಲ. ಕಲ್ಲು, ಅರಗು ಇದ್ದರೆ ಅದನ್ನೂ ಕಳೀತಾರೆ. ಆರು ವರ್ಷ ಇಟ್ಟುಕೊಂಡು ಐದಾರು ಸಾವಿರ ಕಡಿಮೆ. ಅದೇ ಆರು ವರ್ಷದಲ್ಲಿ ಸೆನ್ಸೆಕ್ಸ್ 19,000 ಆಸುಪಾಸಿನಿಂದ 36,000ಕ್ಕೆ ಹೋಗಿತ್ತು.

"ಟಿವಿಯಲ್ಲಿ ಹೇಳೋ ರೇಟು ನಿಮ್ಮ ರೇಟಲ್ಲ ಅಣ್ಣ," ಅಂದೆ. "ತಗೊಳ್ಳುವಾಗ ಅದಕ್ಕಿಂತ ಜಾಸ್ತಿ ಕೊಡ್ತೀರಿ, ಕೊಡುವಾಗ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ತಗೋತೀರಿ."

ಮುಂದಿನ ಬಿಎಂಟಿಸಿ ಬಸ್ಸು ಎರಡು ಅಡಿ ಸರಿಯಿತು. ಅಣ್ಣನೂ ಎರಡು ಅಡಿ ಸರಿದು ಬ್ರೇಕ್ ಹಾಕಿದರು.

"ಲೆಕ್ಕ ಸರಿ ಮೇಡಂ. ಆದ್ರೆ ನಾನು 2018ರಲ್ಲಿ ಯಾಕೆ ಮಾರಲಿ? ನಾನು ಆ ಸರ ಮುಟ್ಟಿದ್ದು 2020ರಲ್ಲಿ."

2020ರ ಮೇ ತಿಂಗಳು. ಲಾಕ್‌ಡೌನ್. ಟ್ರಿಪ್ ಇಲ್ಲ. ಕಾರಿನ ಕಂತನ್ನು ಬ್ಯಾಂಕಿನವರು ಮುಂದಕ್ಕೆ ಹಾಕಿದ್ದರು, ಬಡ್ಡಿ ಮಾತ್ರ ಓಡ್ತಾನೇ ಇತ್ತು. ಮನೆ ಬಾಡಿಗೆ, ರೇಷನ್, ತಾಯಿಯ ಔಷಧಿ ಯಾವುದೂ ನಿಲ್ಲಲಿಲ್ಲ. ಸರ ತಗೊಂಡು ಹೋಗಿ ಅಡ ಇಟ್ಟರು. ಆಗ ಗ್ರಾಂಗೆ 4,400ರ ಆಸುಪಾಸು, ಅಂದರೆ ಸರದ ಬೆಲೆ 88,000. ಬೆಲೆಯ ಮುಕ್ಕಾಲು ಭಾಗದವರೆಗೆ ಸಾಲ ಕೊಡಬಹುದು ಅನ್ನೋದು ರಿಸರ್ವ್ ಬ್ಯಾಂಕಿನ ಆಗಿನ ನಿಯಮ. ಇವರಿಗೆ 60,000 ಸಿಕ್ಕಿತು. ತೂಕ ಮಾಡಿ, ಉಜ್ಜಿ ನೋಡಿ, ಸಹಿ ಹಾಕಿಸಿಕೊಂಡು ದುಡ್ಡು ಕೊಡೋದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಸಂಬಳದ ಸ್ಲಿಪ್ ಯಾರೂ ಕೇಳಲಿಲ್ಲ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಹತ್ತು ತಿಂಗಳಿಗೆ 6,000 ಬಡ್ಡಿ ಕಟ್ಟಿ, ಅಸಲು ತೀರಿಸಿ ಸರ ಬಿಡಿಸಿಕೊಂಡು ಬಂದರು.

"ಈಗ ನೀವು ಹೇಳಿ. ಆ ಹೊತ್ತಲ್ಲಿ ನಿಮ್ಮ ಷೇರು ಎಷ್ಟಿತ್ತು?"

2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000. ಮಾರ್ಚ್ 23ಕ್ಕೆ ಅದು 26,000. ಜನವರಿಯಲ್ಲಿ ಒಂದು ಲಕ್ಷ ಇದ್ದದ್ದು ಎರಡು ತಿಂಗಳಲ್ಲಿ 62,000 ಆಯಿತು. ಮೇ ತಿಂಗಳಲ್ಲೂ 32,000ದ ಸುತ್ತಮುತ್ತಲೇ ಇತ್ತು. ನವೆಂಬರ್ ಹೊತ್ತಿಗೆ ಪೂರ್ತಿ ಮೇಲೆ ಬಂತು ನಿಜ. ಆದರೆ ಬಾಡಿಗೆ ಕೇಳೋ ಓನರ್ ನವೆಂಬರ್‌ವರೆಗೆ ಕಾಯಲ್ಲ.

ಅಣ್ಣ ಹೇಳಿದ್ದು ಇಷ್ಟು: "ನಿಮ್ಮ ಆಫೀಸ್ ಬಂದ್ ಆದಾಗ ನನ್ನ ಟ್ರಿಪ್ಪೂ ಬಂದ್, ಷೇರೂ ಬಿತ್ತು. ಎಲ್ಲಾ ಒಂದೇ ದಿನ. ಚಿನ್ನ ಒಂದೇ ನಿಂತಿದ್ದು."

ಸಂಬಳ ತಗೊಳ್ಳೋ ನಾವು ಷೇರಿನ ಏರಿಳಿತವನ್ನು ಬರೀ ಒಂದು ಗ್ರಾಫ್ ಅಂತ ನೋಡ್ತೀವಿ. ದಿನದ ದುಡಿಮೆಯವನಿಗೆ ಮುಖ್ಯವಾದ ಪ್ರಶ್ನೆಯೇ ಬೇರೆ. ಅದು ಎಷ್ಟು ಬೀಳುತ್ತೆ ಅನ್ನೋದಲ್ಲ, ತನ್ನ ದುಡಿಮೆ ನಿಲ್ಲೋ ದಿನವೇ ಬೀಳುತ್ತಾ ಅನ್ನೋದು. 2008ರಲ್ಲೂ ಹಾಗೇ ಆಗಿತ್ತು. ಆ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ಗೆ 8,000ದ ಚಿಲ್ಲರೆಗೆ ಇಳಿದಿತ್ತು. 2013ರ ಕೊನೆಯಲ್ಲೂ ಅದು ಹಳೇ 21,000ದ ಹತ್ತಿರವೇ ಇತ್ತು. ಚಿನ್ನಕ್ಕೆ ಆರು ವರ್ಷದ ಬರ ಇದ್ದ ಹಾಗೆ ಷೇರಿಗೂ ಸುಮಾರು ಆರು ವರ್ಷದ ಬರ ಇತ್ತು. ಷೇರು ಒಣಗಿದ್ದ ಆ ದಿನಗಳಲ್ಲೇ ಚಿನ್ನ ಹತ್ತು ಗ್ರಾಂಗೆ ಹನ್ನೆರಡು ಸಾವಿರದಿಂದ ಮೂವತ್ತು ಸಾವಿರ ದಾಟಿತ್ತು.

"ಹಾಗಾದ್ರೆ ಬಿಸ್ಕೆಟ್ ತಗೊಳ್ಳಿ ಅಣ್ಣ, ವೇಸ್ಟೇಜ್ ಆದ್ರೂ ಉಳಿಯುತ್ತೆ," ಅಂದೆ.

ಅಣ್ಣ ಕನ್ನಡಿಯಲ್ಲಿ ನೋಡಿ ನಕ್ಕರು. "ಬಿಸ್ಕೆಟ್‌ಗೆ ಸಾಲ ಕೊಡಲ್ಲ ಮೇಡಂ."

ಅದು ನಿಜ. ಚಿನ್ನದ ಗಟ್ಟಿ, ಬಿಸ್ಕೆಟ್ ಮೇಲೆ ಸಾಲ ಕೊಡೋದಕ್ಕೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇಲ್ಲ. ಒಡವೆಗೆ ಕೊಡ್ತಾರೆ. ಅಂದರೆ ನಾನು ನಷ್ಟ ಅಂತ ಬರೆದಿದ್ದ ಆ 6,840 ರೂಪಾಯಿ ಇವರ ಲೆಕ್ಕದಲ್ಲಿ ಒಂಥರಾ ಇನ್ಶೂರೆನ್ಸ್ ಪ್ರೀಮಿಯಂ. ಕಷ್ಟ ಬಂದ ದಿನ ಒಂದು ಗಂಟೆಯಲ್ಲಿ ದುಡ್ಡು ಸಿಗಲಿ ಅಂತ ಮೊದಲೇ ಕಟ್ಟಿದ್ದು.

ಆದರೆ ಇನ್ಶೂರೆನ್ಸ್ ಅಂದಮೇಲೆ ಅದಕ್ಕೊಂದು ಅಳತೆ ಇರಬೇಕಲ್ಲ? ಅಲ್ಲಿಂದ ನಾವಿಬ್ಬರೂ ವಾದ ಬಿಟ್ಟು ಲೆಕ್ಕ ಮಾಡೋಕೆ ಶುರು ಮಾಡಿದೆವು. ಕಂತು, ಬಾಡಿಗೆ, ಮನೆ ಖರ್ಚು ಎಲ್ಲಾ ಸೇರಿ ತಿಂಗಳಿಗೆ 33,000 ಅಂದರು. ಮೂರು ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ. ಮುಕ್ಕಾಲು ಭಾಗ ಸಾಲ ಸಿಗುತ್ತೆ ಅಂದರೆ 1,33,000 ರೂಪಾಯಿ ಬೆಲೆಯ ಚಿನ್ನ ಬೇಕು. ಲೆಕ್ಕ ಸುಲಭ ಆಗಲಿ ಅಂತ ಗ್ರಾಂಗೆ ಹತ್ತು ಸಾವಿರ ಹಿಡಿದೆವು. ಹದಿಮೂರೂವರೆ ಗ್ರಾಂ ಸಾಕು. ಅವರ ಮನೆಯಲ್ಲಿ ಸರ, ಓಲೆ, ಬಳೆ ಸೇರಿ ನಲವತ್ತು ಗ್ರಾಂ ಇದೆ.

"ಅಣ್ಣ, ನಿಮ್ಮ ಕಷ್ಟಕಾಲದ ಚಿನ್ನ ಆಗಲೇ ಮೂರು ಪಟ್ಟು ಇದೆ. ಈಗ ಹಾಕ್ತಿರೋ ಚೀಟಿ ಯಾವುದಕ್ಕೆ?"

"ಮಗಳ ಕಾಲೇಜಿಗೆ. ಈಗ ಒಂಬತ್ತು ವರ್ಷ."

ಒಂಬತ್ತು ವರ್ಷದ ಮಗು ಕಾಲೇಜಿಗೆ ಹೋಗೋಕೆ ಇನ್ನೂ ಎಂಟೊಂಬತ್ತು ವರ್ಷ ಇದೆ. ಅಲ್ಲಿವರೆಗೆ ಆ ದುಡ್ಡು ಮುಟ್ಟಬೇಕಿಲ್ಲ. ಷೇರಿಗೆ ಬೇಕಾಗಿರೋದು ಇಂಥ ದುಡ್ಡೇ, ಬಿದ್ದರೂ ಏಳೋವರೆಗೆ ಕಾಯಬಲ್ಲ ದುಡ್ಡು. ಅಂಗಡಿಯ ಚೀಟಿಯಲ್ಲಿ ಇನ್ನೊಂದು ತೊಂದರೆ ಇದೆ. ಹನ್ನೊಂದು ತಿಂಗಳು ಕಟ್ಟಿದ ಮೇಲೆ ಅವರು ಸಾಮಾನ್ಯವಾಗಿ ಒಡವೆಯನ್ನೇ ಕೊಡ್ತಾರೆ, ದುಡ್ಡಲ್ಲ. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ಇರೋ ವಿಮೆ ಅದಕ್ಕಿಲ್ಲ. ಅಂಗಡಿ ಬಾಗಿಲು ಹಾಕಿದರೆ ಕಟ್ಟಿದ ದುಡ್ಡಿಗೆ ಅಲೆಯಬೇಕು. ಕಾಲೇಜಿನವರು ಫೀಸಿಗೆ ಬಳೆ ತಗೊಳ್ಳಲ್ಲ, ಅದನ್ನ ಮಾರಬೇಕು. ಮಾರೋದು ಅಂದರೆ ಮತ್ತೆ ವೇಸ್ಟೇಜು ಹೋಯಿತು.

"ಆದ್ರೆ ಕಾಲೇಜು ಸೇರಿಸೋ ವರ್ಷವೇ ಷೇರು ಬಿದ್ರೆ?"

ಒಳ್ಳೇ ಪ್ರಶ್ನೆ. ಅದಕ್ಕೇ ಮೊದಲ ವರ್ಷದ ಫೀಸಿನ ದುಡ್ಡನ್ನು ಎರಡು ಮೂರು ವರ್ಷ ಮುಂಚೆಯೇ ತೆಗೆದು ಎಫ್‌ಡಿಯಲ್ಲಿ ಇಡಬೇಕು, ಕೊನೇ ದಿನದವರೆಗೂ ಷೇರಿನಲ್ಲಿ ಬಿಡಬಾರದು ಅಂದೆ. ತಿಂಗಳಿಗೆ ಎರಡು ಸಾವಿರದ ಚೀಟಿ ಬದಲು ಸಾವಿರ ಇಂಡೆಕ್ಸ್ ಫಂಡ್‌ಗೆ ಹಾಕಿ ನೋಡ್ತೀನಿ ಅಂದರು. ಉಳಿದ ಸಾವಿರ? "ಅದು ಚಿನ್ನಕ್ಕೇ. ಮನೇಲಿ ಒಪ್ಪಬೇಕಲ್ಲ."

ಸಿಲ್ಕ್ ಬೋರ್ಡ್ ಸಿಗ್ನಲ್ ಕಾಣೋ ಹೊತ್ತಿಗೆ ನಾನು ಕೊನೇ ಪ್ರಶ್ನೆ ಕೇಳಿದೆ. ಕಷ್ಟಕಾಲಕ್ಕೆ ಚಿನ್ನವೇ ಯಾಕೆ, ಎಫ್‌ಡಿ ಆಗಲ್ವಾ? ನನ್ನ ಮೂರು ತಿಂಗಳ ಖರ್ಚು ಇರೋದು ಎಫ್‌ಡಿಯಲ್ಲೇ. ಫೋನ್‌ನಲ್ಲೇ ಮುರಿಸಬಹುದು. ಬಡ್ಡಿ ಕಟ್ಟಬೇಕಿಲ್ಲ, ಬದಲಿಗೆ ಒಂದಿಷ್ಟು ಬಡ್ಡಿ ಬರುತ್ತೆ. ವೇಸ್ಟೇಜೂ ಇಲ್ಲ.

"ಬ್ಯಾಂಕಲ್ಲಿ ದುಡ್ಡಿದೆ ಅಂತ ಗೊತ್ತಾದ್ರೆ ಭಾವಮೈದ ಕೇಳ್ತಾನೆ, ಅಣ್ಣ ಕೇಳ್ತಾನೆ. ಇಲ್ಲ ಅನ್ನೋಕಾಗಲ್ಲ. ಹೆಂಡ್ತಿ ಕತ್ತಲ್ಲಿರೋ ಸರ ಕೊಡು ಅಂತ ಯಾರೂ ಕೇಳಲ್ಲ ಮೇಡಂ."

ಈ ಸಾಲನ್ನು ನನ್ನ ಎಕ್ಸೆಲ್ ಶೀಟಿನ ಯಾವ ಕಾಲಮ್ಮಿಗೆ ಹಾಕೋದು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.