ಗುಹೆಯ ಬಾಯಿಗಿಟ್ಟ ಬಂಡೆ

ಇಬ್ಬರನ್ನು ಜಗಳಕ್ಕೆ ಹಚ್ಚುವುದು ಕಥೆಗಾರರಿಗೆ ಕಷ್ಟವೇನಲ್ಲ. ಇಬ್ಬರ ಮಾತನ್ನೂ ಕೇಳಿದ ಮೇಲೆ ಓದುಗ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ಒದ್ದಾಡಬೇಕು ಎಂದರೆ ಮಾತ್ರ ಕೈ ನಡುಗುತ್ತದೆ. ಹೊಸಬರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ತಪ್ಪು ತಿಳಿವಳಿಕೆ. ಅಣ್ಣ ಬರೆದ ಪತ್ರ ತಮ್ಮನಿಗೆ ತಲುಪಲಿಲ್ಲ, ಅತ್ತಿಗೆ ಒಂದಕ್ಕೆ ಒಂದು ಸೇರಿಸಿ ಹೇಳಿದಳು, ಇಪ್ಪತ್ತು ವರ್ಷ ಮಾತು ಬಿಟ್ಟರು. ಕೊನೆಯ ಪುಟದಲ್ಲಿ ಹಳೆ ಟ್ರಂಕಿನಿಂದ ಪತ್ರ ಹೊರಬರುತ್ತದೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಓದುಗನಿಗೆ ಮಾತ್ರ ಅಳು ಬರುವುದಿಲ್ಲ. ಒಂದು ಫೋನಿನಲ್ಲಿ ಮುಗಿಯಬಹುದಾದದ್ದನ್ನು ಇಷ್ಟು ದೂರ ಎಳೆದರಲ್ಲ ಎಂಬ ಬೇಸರವಷ್ಟೇ.

ಈ ಬೇಸರ ಬಂದಾಗಲೆಲ್ಲ ನಾನು ಕಿಷ್ಕಿಂಧೆಗೆ ಹೋಗುತ್ತೇನೆ. ಆನೆಗೊಂದಿಯ ಬಂಡೆಗಳ ನಡುವಿನದಕ್ಕಲ್ಲ, ವಾಲ್ಮೀಕಿಯ ಕಾಂಡಕ್ಕೆ. ವಾಲಿ-ಸುಗ್ರೀವರ ಪ್ರಕರಣ ಎಂದರೆ ನಮಗೆ ಥಟ್ಟನೆ ನೆನಪಾಗುವುದು ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂಬ ವಾದ. ಆ ವಾದದ ಗದ್ದಲದಲ್ಲಿ ಅಣ್ಣ ತಮ್ಮಂದಿರ ಮೂಲ ಜಗಳವೇ ಮರೆತುಹೋಗಿದೆ. ನನ್ನ ಮಟ್ಟಿಗೆ, ವೈರ ಕಟ್ಟುವ ವಿದ್ಯೆ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ನಡೆದದ್ದು ಇಷ್ಟು. ರಾತ್ರಿ ಹೊತ್ತು ಮಾಯಾವಿ ಎಂಬ ರಾಕ್ಷಸ ಕಿಷ್ಕಿಂಧೆಯ ಬಾಗಿಲಿಗೆ ಬಂದು ಕೂಗಿ ಕರೆದ. ಹೆಂಗಸರು ತಡೆದರು, ಸುಗ್ರೀವ ತಡೆದ, ವಾಲಿ ಕೇಳಲಿಲ್ಲ. ಹೊರಟ ಅಣ್ಣನ ಬೆನ್ನಿಗೆ ತಮ್ಮನೂ ಹೊರಟ. ಇಬ್ಬರನ್ನು ಕಂಡು ರಾಕ್ಷಸ ಓಡಿದ, ಬೆಳದಿಂಗಳಲ್ಲಿ ಅಟ್ಟಿಸಿಕೊಂಡು ಹೋದರು. ಅವನು ಹುಲ್ಲು ಮುಚ್ಚಿದ ಒಂದು ಬಿಲದೊಳಗೆ ನುಗ್ಗಿದ. ನೀನು ಬಾಗಿಲಲ್ಲೇ ಇರು ಎಂದ ವಾಲಿ. ನಾನೂ ಬರುತ್ತೇನೆ ಎಂದ ತಮ್ಮನಿಂದ ತನ್ನ ಕಾಲಿನ ಮೇಲೆ ಆಣೆ ಹಾಕಿಸಿಕೊಂಡು ಒಳಗೆ ಹೋದ. ವರ್ಷ ಕಳೆಯಿತು. ಒಂದು ದಿನ ನೊರೆ ನೊರೆಯಾಗಿ ರಕ್ತ ಹೊರಬಂತು, ಅಸುರರ ಅಬ್ಬರ ಕೇಳಿತು, ಅಣ್ಣನ ದನಿ ಕೇಳಲಿಲ್ಲ. ಸುಗ್ರೀವ ಬೆಟ್ಟದಂಥ ಬಂಡೆಯನ್ನು ಬಾಯಿಗೆ ಮುಚ್ಚಿ, ಅಣ್ಣನಿಗೆ ತರ್ಪಣ ಬಿಟ್ಟು, ಊರಿಗೆ ಬಂದ.

ಇಲ್ಲಿಯವರೆಗೆ ಇದೂ ತಪ್ಪು ತಿಳಿವಳಿಕೆಯೇ. ರಕ್ತ ರಾಕ್ಷಸನದು, ಅಣ್ಣ ಬದುಕಿದ್ದ. ಆದರೆ ಈಗ ಬಂಡೆಯ ಒಳಗಡೆ ಹೋಗಿ ನಿಲ್ಲಿ. ಒಂದು ವರ್ಷ ಹುಡುಕಿ ಶತ್ರುವನ್ನು ಬಂಧುಗಳ ಸಮೇತ ಕೊಂದು ತಿರುಗಿದರೆ ದಾರಿ ಮುಚ್ಚಿದೆ. ಸುಗ್ರೀವಾ, ಸುಗ್ರೀವಾ ಎಂದು ಮತ್ತೆ ಮತ್ತೆ ಕೂಗಿದರೆ ಉತ್ತರವಿಲ್ಲ. ಕಾಲಿನಿಂದ ಒದ್ದು ಒದ್ದು ಬಂಡೆ ಒಡೆದು ಊರಿಗೆ ಬಂದರೆ ತಮ್ಮ ಸಿಂಹಾಸನದ ಮೇಲೆ ಕೂತಿದ್ದಾನೆ. ಆ ಹೊತ್ತಿನಲ್ಲಿ ತಾರೆಯೂ ಅವನ ಪಾಲಾಗಿದ್ದಳೆಂದು ಕಾಂಡದ ಮುಂದಿನ ಭಾಗದಲ್ಲಿ ಸುಗ್ರೀವನೇ ಮಾತಿನ ಮಧ್ಯೆ ಹೇಳಿಬಿಡುತ್ತಾನೆ. ನಾಪತ್ತೆಯಾದವನನ್ನು ಸತ್ತನೆಂದು ಭಾವಿಸಲು ನಮ್ಮ ಕಾನೂನು 7 ವರ್ಷ ಕಾಯಿಸುತ್ತದೆ. ಸುಗ್ರೀವ ಕಾದದ್ದು ಒಂದು ವರ್ಷ ಚಿಲ್ಲರೆ.

ಇನ್ನೊಂದು ಸಣ್ಣ ವಿವರವಿದೆ, ಅವಸರದಲ್ಲಿ ಓದುವವರು ದಾಟಿಬಿಡುತ್ತಾರೆ. ಸುಗ್ರೀವ ಊರಿಗೆ ಬಂದು ಅಣ್ಣ ಸತ್ತ ಸುದ್ದಿ ಹೇಳಲಿಲ್ಲ, ಮುಚ್ಚಿಟ್ಟ. ಮಂತ್ರಿಗಳು ಹೇಗೋ ತಿಳಿದುಕೊಂಡು ಪಟ್ಟ ಕಟ್ಟಿದರು. ಯಾಕೆ ಮುಚ್ಚಿಟ್ಟ? ದುಃಖಕ್ಕೋ, ಭಯಕ್ಕೋ, ಪಟ್ಟದ ಆಸೆ ತನ್ನೊಳಗೇ ಇದೆಯೆಂಬ ನಾಚಿಕೆಗೋ? ಕವಿ ಹೇಳುವುದಿಲ್ಲ. ಇದೆಲ್ಲವನ್ನೂ ರಾಮನ ಮುಂದೆ ಹೇಳುತ್ತಿರುವವನು ಸುಗ್ರೀವನೇ. ತನ್ನ ನ್ಯಾಯ ಹೇಳಿಕೊಳ್ಳುವವನ ಬಾಯಿಂದಲೇ ಅವನಿಗೆ ತೊಡಕಾಗುವ ಒಂದು ಮಾತು ಜಾರಬೇಕು. ಆ ಬಿರುಕಿನೊಳಗಿಂದ ಓದುಗನಿಗೆ ಎದುರಾಳಿಯ ಮುಖ ಕಾಣುತ್ತದೆ.

ಹಾಗಾದರೆ ತಮ್ಮನ ದೂರು? ಅವನು ವಾಲಿ ಬಂದ ತಕ್ಷಣ ಕಾಲಿಗೆ ಬಿದ್ದ, ಕಿರೀಟ ಒಪ್ಪಿಸಿದ, ನಡೆದದ್ದನ್ನು ವಿವರಿಸಿದ. ಟ್ರಂಕಿನ ಪತ್ರ ಇಲ್ಲಿ ಕಥೆಯ ಆರಂಭದಲ್ಲೇ ಹೊರಬಂದಿದೆ, ಆದರೂ ಜಗಳ ಮುಗಿಯಲಿಲ್ಲ. ವಾಲಿ ಅವನನ್ನು ಉಟ್ಟ ಬಟ್ಟೆಯಲ್ಲಿ ಓಡಿಸಿದ, ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡ, ಭೂಮಿಯೆಲ್ಲ ಅಟ್ಟಾಡಿಸಿದ. ಮತಂಗ ಮುನಿಯ ಶಾಪದಿಂದಾಗಿ ವಾಲಿ ಕಾಲಿಡಲಾಗದ ಋಷ್ಯಮೂಕವೊಂದೇ ಸುಗ್ರೀವನಿಗೆ ಉಳಿದದ್ದು. ಗುಹೆಯ ಬಾಯಲ್ಲಿ ಏನಾಯಿತೆಂಬುದನ್ನು ಎಷ್ಟು ಚೆನ್ನಾಗಿ ವಿವರಿಸಿದರೂ ರುಮೆಯ ವಿಷಯ ವಿವರಣೆಯಿಂದ ಅಳಿಸುವುದಿಲ್ಲ. ಅತ್ತ ವಾಲಿಗೂ, ತಮ್ಮ ಮೋಸದಿಂದ ಮಾಡಲಿಲ್ಲವೆಂದು ನಂಬಿದರೂ, ಕತ್ತಲಲ್ಲಿ ಕೂಗಿದ ಆ ಕೂಗು ಮರೆಯುವುದಿಲ್ಲ.

ಹೀಗಾಗಿ ಯಾರಾದರೂ ಕಥೆ ತೋರಿಸಿದರೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ಇಬ್ಬರೂ ಪೂರ್ತಿ ನಿಜ ಹೇಳಲಿ. ಆಮೇಲೂ ಉಳಿಯುವುದು ಏನು? ತೋಟದ ಒಂದು ಕಥೆ ಎಂದಿಟ್ಟುಕೊಳ್ಳಿ. ಮನೆ ಬಿಟ್ಟು ಹೋದ ಅಣ್ಣನ ಸುದ್ದಿಯಿಲ್ಲ. ಸೊಸೈಟಿ ಸಾಲ ಕುತ್ತಿಗೆಗೆ ಬಂದಾಗ ತಮ್ಮ, ಅಣ್ಣ ಸತ್ತನೆಂದು ಬರೆಸಿ ಪೌತಿ ಖಾತೆ ಮಾಡಿಸಿಕೊಂಡು, ಅವನ ಪಾಲಿನ ಗದ್ದೆ ಮಾರಿ ಅಡಿಕೆ ತೋಟ ಉಳಿಸಿಕೊಂಡ. ಅಣ್ಣ ತಿರುಗಿ ಬಂದ. ನಿಜ ಹೇಳಿದ ಮೇಲೂ ಗದ್ದೆ ವಾಪಸು ಬರುವುದಿಲ್ಲ, ತಮ್ಮನ ಬೆನ್ನು ಬಗ್ಗಿಸಿದ ವರ್ಷಗಳೂ ವಾಪಸು ಬರುವುದಿಲ್ಲ. ಇದು ನಿಲ್ಲುವ ಜಗಳ. ಅಣ್ಣ ಬರೆದ ಪತ್ರವನ್ನು ಪೋಸ್ಟ್‌ಮ್ಯಾನ್ ಕಳೆದ ಎಂದು ಸೇರಿಸಿದಿರೋ, ತಪ್ಪೆಲ್ಲ ಪೋಸ್ಟ್‌ಮ್ಯಾನ್ ತಲೆಗೆ ಹೋಗಿ ಅಣ್ಣ ತಮ್ಮ ಇಬ್ಬರೂ ಪೊಳ್ಳಾಗುತ್ತಾರೆ.

ಇಬ್ಬರ ಮೇಲೂ ಮನಸ್ಸು ಕರಗಬೇಕಲ್ಲ, ಅದಕ್ಕೆ ಹೊಸಬರು ಗುಣ ಅಂಟಿಸುತ್ತಾರೆ. ದುಷ್ಟನೊಬ್ಬ ಬೀದಿನಾಯಿಗೆ ಬಿಸ್ಕತ್ತು ಹಾಕುವುದು ನಮ್ಮ ಸಿನಿಮಾಗಳಿಗೂ ಪ್ರಿಯ. ವಾಲ್ಮೀಕಿಯ ದಾರಿ ಬೇರೆ. ಎರಡನೇ ಕಾಳಗಕ್ಕೆ ಹೊರಟ ವಾಲಿಯನ್ನು ತಾರೆ ತಡೆದು, ತಮ್ಮನಿಗೆ ಯುವರಾಜ ಪಟ್ಟ ಕಟ್ಟಿ ರಾಜಿಯಾಗು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ, ಆದರೆ ಸೊಕ್ಕು ಇಳಿಸುತ್ತೇನೆ, ಜೀವ ತೆಗೆಯುವುದಿಲ್ಲ ಎಂದು ಹೇಳಿ ಹೋಗುತ್ತಾನೆ. ಅತ್ತ ಬಾಣ ಸಿದ್ಧವಾಗಿದೆ. ವಾಲಿ ಬಿದ್ದ ಮೇಲೆ ಸುಗ್ರೀವ ಅಳುತ್ತ ಹೇಳುವ ಮಾತು ಇನ್ನೂ ಹರಿತ: ಮರದ ಕೊಂಬೆಯಿಂದ ನನ್ನನ್ನು ಹೊಡೆದು ಕೆಡವಿದಾಗಲೂ ಇವನು ಸಮಾಧಾನ ಮಾಡಿ, ಇನ್ನು ಹೀಗೆ ಮಾಡಬೇಡ ಎಂದು ಬಿಟ್ಟು ಕಳಿಸಿದ್ದ, ಅಣ್ಣತನ ಉಳಿಸಿಕೊಂಡವನು ಇವನು, ಕಪಿತನ ತೋರಿಸಿದವನು ನಾನು. ವಾಲಿಯ ಅತಿ ಒಳ್ಳೆಯ ಗುಣ ನಮಗೆ ತಿಳಿಯುವುದು ಅವನನ್ನು ಕೊಲ್ಲಿಸಿದವನ ಬಾಯಿಂದ. ರಾಮನ ಮುಂದೆ ದೂರು ಹೇಳುವಾಗ ಸುಗ್ರೀವ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಬಾಣ ಏಳುತ್ತಿತ್ತೋ ಇಲ್ಲವೋ.

ಕರಾವಳಿ, ಮಲೆನಾಡಿನ ತಾಳಮದ್ದಳೆಯವರಿಗೆ ಇದು ಅಭ್ಯಾಸದಿಂದಲೇ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯದ ಮೇಲೆ ಮಾತೇ ಎಲ್ಲ. ಇಂದು ಸುಗ್ರೀವನ ಅರ್ಥ ಹೇಳಿದವರು ನಾಳೆ ಇನ್ನೊಂದೂರಲ್ಲಿ ವಾಲಿಯ ಅರ್ಥ ಹೇಳಬೇಕಾಗಬಹುದು. ನಿನ್ನೆ ತಾವೇ ಕಟ್ಟಿದ ವಾದವನ್ನು ಇಂದು ತಾವೇ ಮುರಿಯಬೇಕು. ಕಥೆಗಾರ ಒಂದೇ ಮೇಜಿನ ಮೇಲೆ ಈ ಎರಡೂ ರಾತ್ರಿಗಳನ್ನು ಕಳೆಯಬೇಕು. ಮೊದಲು ತಮ್ಮನ ಬಾಯಲ್ಲಿ ಇಡೀ ಕಥೆ ಬರೆದು, ಹಾಳೆ ಮಗುಚಿಟ್ಟು, ಆಮೇಲೆ ಅಣ್ಣನ ಬಾಯಲ್ಲಿ. ಎರಡನೆಯದು ಮೊದಲನೆಯದಕ್ಕಿಂತ ತೀರ ಚಿಕ್ಕದಾಗಿ ಬಂದರೆ, ನೀವು ಆಗಲೇ ಒಂದು ಪಕ್ಷ ಸೇರಿದ್ದೀರಿ ಎಂದೇ ಅರ್ಥ.

ನನ್ನ ಓಟು ವಾಲಿಗೆ, ರುಮೆಯ ವಿಷಯವೊಂದನ್ನು ಬಿಟ್ಟು. ಸುಗ್ರೀವನ ಪರ ಇರುವವರು ದಯವಿಟ್ಟು ಆ ಮುಚ್ಚಿಟ್ಟ ಸುದ್ದಿಗೆ ಕಾರಣ ಹೇಳಿ.