ಅರ್ಧವೋ, ಮೂರರಲ್ಲಿ ಎರಡೋ?

ಮೊನ್ನೆ ಕೇಳಿದ ಪ್ರಾಬಬಿಲಿಟಿ ಪಾಠದಲ್ಲಿ ಮೇಷ್ಟ್ರು ಮೊದಲು ಊಹಿಸಿ, ಲೆಕ್ಕ ಆಮೇಲೆ ಅಂದ್ರು. (ನಮ್ಮ ಕಾಲೇಜಲ್ಲಿ ಬರೀ ಸೂತ್ರ ಬಾಯಿಪಾಠ!) ಫ್ರಾನ್ಸಿನ ಬರ್ಟ್ರಾಂಡ್ 1889ರಲ್ಲಿ ಕೊಟ್ಟ ಸಮಸ್ಯೆ: ಮೂರು ಪೆಟ್ಟಿಗೆ. ಒಂದರಲ್ಲಿ ಎರಡು ಚಿನ್ನದ ನಾಣ್ಯ, ಒಂದರಲ್ಲಿ ಎರಡು ಬೆಳ್ಳಿಯವು, ಮತ್ತೊಂದರಲ್ಲಿ ಒಂದೊಂದು. ಕಣ್ಣುಮುಚ್ಚಿ ಒಂದು ಪೆಟ್ಟಿಗೆಯಿಂದ ಒಂದು ನಾಣ್ಯ ತೆಗೆದ್ರೆ ಚಿನ್ನ ಬಂತು. ಅದರಲ್ಲಿ ಉಳಿದದ್ದೂ ಚಿನ್ನವಾಗಿರೋ ಸಾಧ್ಯತೆ?

"ಅರ್ಧ" ಅಂತ ಇಡೀ ಕ್ಲಾಸು. ಉಳಿದಿದ್ದು ಎರಡೇ ಪೆಟ್ಟಿಗೆ ಅಲ್ವಾ! ಆದ್ರೆ ಎಣಿಸಬೇಕಾದ್ದು ನಾಣ್ಯ. ಕೈಗೆ ಬಂದದ್ದು ಮೂರು ಚಿನ್ನದ ನಾಣ್ಯಗಳಲ್ಲಿ ಒಂದು. ಅವುಗಳಲ್ಲಿ ಎರಡರ ಜೊತೆಗಿರೋದು ಚಿನ್ನವೇ. ಉತ್ತರ 2/3.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದ್ಳು: "ಸಾರ್, ನಾವು ತೆಗೆಯೋದೇ ಬೇಡ. ಬೇರೆಯವರು ಒಳಗೆ ಎರಡನ್ನೂ ನೋಡ್ಲಿ. ಚಿನ್ನ ಇದೆಯಾ ಅಂದ್ರೆ ಹೌದು ಅಂತಾರೆ. ಆಗ?"

ಆಗ ಅರ್ಧವೇ! ಬೆರಕೆ ಪೆಟ್ಟಿಗೆಯಾದ್ರೂ 'ಹೌದು' ಖಂಡಿತ. ನಾವೇ ತೆಗೆದಾಗ ಅದು ಅರ್ಧ ಸಲ ಬೆಳ್ಳಿ ತೋರಿಸಿ ಲೆಕ್ಕದಿಂದ ಹೊರಬೀಳುತ್ತೆ.