ಬಾಳೆಯ ದುಡ್ಡು, ಕಂಗಿನ ದುಡ್ಡು

2020ರ ಮಾರ್ಚ್ 23, ಸೋಮವಾರ. ಆ ದಿನ ಮುಂಬಯಿಯ ಷೇರು ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನದಲ್ಲಿ 3,900ಕ್ಕೂ ಹೆಚ್ಚು ಅಂಶ ಕುಸಿದು 25,981ಕ್ಕೆ ನಿಂತಿತು. ಎರಡೇ ತಿಂಗಳ ಹಿಂದೆ, ಜನವರಿಯಲ್ಲಿ, ಅದು 42,000ವನ್ನು ಮುಟ್ಟಿ ಬಂದಿತ್ತು. ತಲಪಾಡಿಯಲ್ಲಿ ಗಡಿ ಮುಚ್ಚಿದ ದಿನಗಳವು. ಸಂಜೆ ಅಕ್ಕನ ಫೋನು ಬಂತು. “ತಮ್ಮಾ, ಮಗಳ ದುಡ್ಡು ಎಷ್ಟು ಉಳಿದುಂಟು? ಒಮ್ಮೆ ನೋಡಿ ಹೇಳು.”

ನೋಡಿದೆ. ಜನವರಿಯಲ್ಲಿ ಎಂಟು ಲಕ್ಷದ ಆಸುಪಾಸಿನಲ್ಲಿದ್ದ ಮೊತ್ತ ಐದು ಲಕ್ಷಕ್ಕೆ ಇಳಿದಿತ್ತು. ಸೊಸೆ ಆ ವರ್ಷವೇ ಹನ್ನೆರಡನೆಯ ತರಗತಿ ಮುಗಿಸಿ ಮಂಗಳೂರಿನಲ್ಲಿ ವೃತ್ತಿಶಿಕ್ಷಣಕ್ಕೆ ಸೇರುವವಳಿದ್ದಳು. ನಾಲ್ಕು ವರ್ಷದ ಖರ್ಚು ಎಂಟು ಲಕ್ಷವೆಂದು ಲೆಕ್ಕ ಹಾಕಿದ್ದೆವು. ಅಕ್ಕ ಹತ್ತು ದಿನ ತಡೆದುಕೊಂಡಳು. ಏಪ್ರಿಲ್ ಮೊದಲ ವಾರದಲ್ಲಿ “ಉಳಿದದ್ದಾದರೂ ಉಳಿಯಲಿ ಮಾರಾಯ” ಎಂದು ಎಲ್ಲವನ್ನೂ ಮಾರಿಸಿದಳು. ಕೈಗೆ ಬಂದದ್ದು ಐದೂಕಾಲು ಲಕ್ಷ. ಕೊರತೆ ಬಿದ್ದ ಹಣಕ್ಕೆ ಅವಳ ಬಳೆ, ಸರಗಳು ಬ್ಯಾಂಕಿನ ಕಪಾಟು ಸೇರಿದವು. ಅದೇ ವರ್ಷದ ನವೆಂಬರಿನಲ್ಲಿ ಸೂಚ್ಯಂಕ ಹಳೆಯ ಎತ್ತರವನ್ನು ದಾಟಿತು. ಆದರೆ ಅಷ್ಟರಲ್ಲಿ ಅಕ್ಕನ ಹಣ ಅಲ್ಲಿರಲಿಲ್ಲ.

2007ರಲ್ಲಿ, ಸೊಸೆಗೆ ಐದು ವರ್ಷವಾಗಿದ್ದಾಗ, ತಿಂಗಳಿಗೆ ಎರಡೂವರೆ ಸಾವಿರದಂತೆ ಷೇರು ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಲು ಹೇಳಿದವನು ನಾನೇ. ಆ ಸಲಹೆ ತಪ್ಪಾಗಿರಲಿಲ್ಲ. ಹದಿಮೂರು ವರ್ಷಗಳಲ್ಲಿ ಕಟ್ಟಿದ್ದು ಮೂರು ಲಕ್ಷದ ತೊಂಬತ್ತು ಸಾವಿರ ಮಾತ್ರ. ತಪ್ಪಿದ್ದು ಇನ್ನೊಂದು ಕಡೆ. ಹಣವನ್ನು ಒಳಗೆ ಹಾಕುವುದು ಯಾವಾಗ ಎಂದು ಹೇಳಿದ ನಾನು, ಹೊರಗೆ ತೆಗೆಯುವುದು ಯಾವಾಗ ಎಂದು ಹೇಳಿರಲಿಲ್ಲ. ಸೊಸೆಯ ಕಾಲೇಜು 2020ರಲ್ಲಿ ಎಂಬುದು 2007ರಲ್ಲೇ ಗೊತ್ತಿದ್ದ ಸಂಗತಿ. ಗೊತ್ತಿದ್ದ ದಿನಾಂಕವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈ ತಪ್ಪಿಗೆ ನಮ್ಮಲ್ಲಿ ಕ್ಷಮೆಯಿಲ್ಲ, ಏಕೆಂದರೆ ಕಾಸರಗೋಡಿನ ಕೃಷಿಕನಿಗೆ ಈ ಪಾಠ ಹೊಸದಲ್ಲ. ನಮ್ಮ ತಂದೆಯವರು ಹೊಸ ತೋಟ ಎಬ್ಬಿಸಿದಾಗ ಕಂಗಿನ ಸಸಿಗಳ ನಡುವೆ ಬಾಳೆ ನೆಟ್ಟರು. ಕಂಗು ಫಲ ಕೊಡಲು ಐದಾರು ವರ್ಷ ಬೇಕು. ಬಾಳೆ ಮರುವರ್ಷವೇ ಗೊನೆ ಹಾಕುತ್ತದೆ. ಮರುವರ್ಷದ ಖರ್ಚಿಗೆ ಬಾಳೆ, ಮುಂದಿನ ತಲೆಮಾರಿಗೆ ಕಂಗು. ಮರುವರ್ಷದ ಅಕ್ಕಿಗೆಂದು ಯಾರೂ ಕಂಗನ್ನು ನಂಬಿ ಕುಳಿತವರಿಲ್ಲ. ನಾನು ಅಕ್ಕನನ್ನು ಹಾಗೆ ಕುಳ್ಳಿರಿಸಿದ್ದೆ.

2021ರಲ್ಲಿ ನನ್ನ ಮಗನಿಗೆ ಐದು ತುಂಬಿತು. ಆಗ ಒಂದು ನೋಟುಪುಸ್ತಕ ತೆರೆದು ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಇಂದಿನ ಬೆಲೆಯಲ್ಲಿ ನಾಲ್ಕು ವರ್ಷದ ಓದಿಗೆ ಆರು ಲಕ್ಷ ಬೇಕೆಂದು ಇಟ್ಟುಕೊಂಡೆ. ಶುಲ್ಕ, ವಸತಿಗಳ ಬೆಲೆ ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿದರೆ ಹದಿಮೂರು ವರ್ಷಗಳ ಬಳಿಕ ಅದು ಹದಿನಾರು ಲಕ್ಷದ ಮೂವತ್ತು ಸಾವಿರವಾಗುತ್ತದೆ. ಎಂಟು ಎಂಬುದು ಊಹೆ. ಆರರಂತೆ ಏರಿದರೆ ಹದಿಮೂರು ಲಕ್ಷಕ್ಕೂ ಕಡಿಮೆ ಸಾಕು, ಹತ್ತರಂತೆ ಏರಿದರೆ ಇಪ್ಪತ್ತು ಲಕ್ಷವೂ ಸಾಲದು. ಆದ್ದರಿಂದ ಈ ಗುರಿಯನ್ನು ಪ್ರತಿವರ್ಷ ಜೂನಿನಲ್ಲಿ, ಶಾಲೆ ತೆರೆಯುವಾಗ, ಅಂದಿನ ಶುಲ್ಕ ನೋಡಿ ತಿದ್ದುತ್ತೇನೆ.

ಮುಂದಿನ ಪ್ರಶ್ನೆ: ಈ ಹಣವನ್ನು ಬ್ಯಾಂಕಿನ ಠೇವಣಿಯಲ್ಲಿ ಕೂಡಿಸಬೇಕೇ, ಷೇರು ಫಂಡಿನಲ್ಲೇ? ಠೇವಣಿಗೆ ನೂರಕ್ಕೆ ಆರೂವರೆ, ಷೇರಿಗೆ ಹತ್ತು ಎಂದು ಇಟ್ಟುಕೊಳ್ಳೋಣ. ಎರಡನೆಯದು ಬರಿಯ ನಿರೀಕ್ಷೆ, ಯಾರ ಖಾತರಿಯೂ ಅಲ್ಲ. ಗುರಿ ಮುಟ್ಟಲು ಠೇವಣಿಯಲ್ಲಾದರೆ ತಿಂಗಳಿಗೆ ಸುಮಾರು 6,680 ರೂಪಾಯಿ ಕಟ್ಟಬೇಕು. ಷೇರಿನಲ್ಲಾದರೆ 5,130 ಸಾಕು. ಕಟ್ಟುವ ಹಣದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಉಳಿತಾಯ. ಸಂಬಳದ ಮನೆಗೆ ಇದು ಸಣ್ಣ ಮಾತಲ್ಲ.

ಈಗ ಇದೇ ಲೆಕ್ಕವನ್ನು ಮೂರು ವರ್ಷಕ್ಕೆ ಹಾಕಿ ನೋಡಿ. ಮೂರು ವರ್ಷದ ಬಳಿಕ ಒಂದು ಲಕ್ಷ ಬೇಕು. ಠೇವಣಿಯಲ್ಲಿ ತಿಂಗಳಿಗೆ ಸುಮಾರು 2,520 ರೂಪಾಯಿ, ಷೇರಿನಲ್ಲಿ 2,390. ಉಳಿತಾಯ ತಿಂಗಳಿಗೆ ನೂರಮೂವತ್ತು, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಇಷ್ಟಕ್ಕಾಗಿ ನಾವು ಒಡ್ಡುವ ಅಪಾಯವೆಷ್ಟು? 2020ರ ಆ ಎರಡು ತಿಂಗಳಲ್ಲಿ ಕರಗಿದ್ದು ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಇಪ್ಪತ್ತನೆಯ ಒಂದು ಪಾಲಿನ ಆಸೆಗೆ ಮೂರನೆಯ ಒಂದು ಪಾಲನ್ನು ಪಣಕ್ಕಿಡುವ ವ್ಯಾಪಾರವನ್ನು ಸಂತೆಯಲ್ಲಿ ಯಾರೂ ಮಾಡಲಾರರು. ಅವಧಿ ಉದ್ದವಿದ್ದಾಗ ಷೇರಿನ ಲಾಭ ಚಕ್ರಬಡ್ಡಿಯಿಂದ ಬೆಳೆಯುತ್ತದೆ. ಅವಧಿ ಮೊಟಕಾದಂತೆ ಲಾಭ ಸೊರಗುತ್ತದೆ, ಕುಸಿತದ ಭಯ ಮಾತ್ರ ಹಾಗೆಯೇ ಉಳಿಯುತ್ತದೆ. ಕಾಲಾವಧಿಗೆ ತಕ್ಕ ಅಪಾಯ ಎಂದು ಅರ್ಥಶಾಸ್ತ್ರದವರು ಹೇಳುವುದರ ತಿರುಳು ಇಷ್ಟೇ.

ಮೂರು ವರ್ಷವೇ ಏಕೆ? 2008ರ ಜನವರಿಯಲ್ಲಿ 20,800ನ್ನು ದಾಟಿದ್ದ ಸೆನ್ಸೆಕ್ಸ್ 2009ರ ಮಾರ್ಚಿನಲ್ಲಿ 8,500ಕ್ಕಿಂತ ಕೆಳಗಿಳಿಯಿತು; ಮತ್ತೆ ಮೊದಲಿನ ಎತ್ತರ ಕಂಡದ್ದು 2010ರ ನವೆಂಬರಿನಲ್ಲಿ. ಹೆಚ್ಚುಕಡಿಮೆ ಮೂರು ವರ್ಷ. 2020ರಲ್ಲಿ ಹತ್ತೇ ತಿಂಗಳು ಹಿಡಿಯಿತೆಂದು ಯಾರಾದರೂ ಧೈರ್ಯ ಹೇಳಿದರೆ 2008ನ್ನು ನೆನಪಿಸಿ. ಆದರೆ ಮೂರು ವರ್ಷವೂ ಶಾಸನವಲ್ಲ. ಜಪಾನಿನ ನಿಕ್ಕೆ ಸೂಚ್ಯಂಕ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರಲ್ಲಿ. ಆದುದರಿಂದಲೇ ಅವಧಿ ಎಷ್ಟೇ ಉದ್ದವಿದ್ದರೂ ಎಲ್ಲವನ್ನೂ ಷೇರಿನಲ್ಲಿಡುವ ಧೈರ್ಯ ನನಗಿಲ್ಲ.

ಕೊನೆಗೆ ನೋಟುಪುಸ್ತಕದಲ್ಲಿ ಬರೆದುಕೊಂಡದ್ದು ಹೀಗೆ. ತಿಂಗಳಿಗೆ ಆರು ಸಾವಿರ: ಷೇರು ಸೂಚ್ಯಂಕದ ಫಂಡಿಗೆ 3,600, ಠೇವಣಿಗೆ 2,400. ನಿರೀಕ್ಷೆಯಂತೆ ನಡೆದರೆ ಹದಿನೇಳು ಲಕ್ಷ ದಾಟುತ್ತದೆ. ಗುರಿಗಿಂತ ಒಂದು ಲಕ್ಷದಷ್ಟು ಹೆಚ್ಚು. ಆ ಹೆಚ್ಚಳ ಬೇಕೇ ಬೇಕು, ಏಕೆಂದರೆ ಕೊನೆಯ ವರ್ಷಗಳಲ್ಲಿ ಷೇರಿನಿಂದ ಹಣ ಹೊರಬರುವಾಗ ಅದರ ಗಳಿಕೆಯೂ ತಗ್ಗುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಕಂಡಿತು. “ಕಾಲೇಜಿನ ಖರ್ಚು” ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ನಿಜವಾಗಿ ನಾಲ್ಕು ಗುರಿಗಳು. ಮೊದಲ ವರ್ಷದ ಶುಲ್ಕ 2034ರಲ್ಲಿ ಬೇಕು, ನಾಲ್ಕನೆಯದು 2037ರಲ್ಲಿ. ಎಲ್ಲವನ್ನೂ ಒಂದೇ ದಿನ ಹೊರತೆಗೆಯಬೇಕಾಗಿಲ್ಲ. ಆದುದರಿಂದ ನಿಯಮ ಸರಳವಾಯಿತು: ಯಾವ ವರ್ಷದ ಶುಲ್ಕವೇ ಆಗಲಿ, ಅದನ್ನು ಕಟ್ಟುವ ದಿನಕ್ಕೆ ಮೂರು ವರ್ಷ ಮೊದಲೇ ಅದು ಠೇವಣಿಯಲ್ಲಿರಬೇಕು. ಮೊದಲ ವರ್ಷದ್ದು 2031ರೊಳಗೆ, ಎರಡನೆಯದು 2032ರೊಳಗೆ, ಹೀಗೆ. ಅದನ್ನೂ ಒಂದೇ ದಿನ ಮಾರದೆ, ಗಡುವಿನ ಹಿಂದಿನ ಹನ್ನೆರಡು ತಿಂಗಳಲ್ಲಿ ಹನ್ನೆರಡು ಕಂತಾಗಿ ತೆಗೆಯುವುದು. ಠೇವಣಿಯ ಪಾಲು ಮೊದಲೇ ಇರುವುದರಿಂದ ಮೊದಲ ವರ್ಷದ ಶುಲ್ಕ ತಾನಾಗಿಯೇ ಸಿದ್ಧವಿರುತ್ತದೆ. ಷೇರಿನಿಂದ ತೆಗೆಯುವ ಕೆಲಸ ಎರಡನೆಯ ವರ್ಷದ್ದರಿಂದ ಆರಂಭ.

ಈ ನಿಯಮ ಮುರಿಯುವುದು ಎಲ್ಲಿ ಎಂಬುದೂ ನನಗೆ ಗೊತ್ತು. ಷೇರು ಏರುತ್ತಿರುವಾಗ “ಇನ್ನು ಆರು ತಿಂಗಳು ಬಿಡೋಣ” ಎನಿಸುತ್ತದೆ. ಇಳಿದಿರುವಾಗ “ಮೇಲೆ ಬರಲಿ” ಎನಿಸುತ್ತದೆ. 2019ರಲ್ಲಿ ನನಗೂ ಮೊದಲನೆಯ ಮಾತೇ ಅನಿಸಿತ್ತು. ಆದುದರಿಂದ ದಿನಾಂಕಗಳನ್ನು ಇಂದೇ ಬರೆದಿಟ್ಟಿದ್ದೇನೆ, ಅಂದಿನ ನನ್ನ ಮನಸ್ಸಿಗೆ ಬಿಟ್ಟಿಲ್ಲ.

“ಸುರಕ್ಷಿತ” ಎಂಬ ಮಾತನ್ನೂ ಪರೀಕ್ಷಿಸಿಯೇ ನಂಬಬೇಕು. 2020ರ ಏಪ್ರಿಲಿನಲ್ಲಿ ಒಂದು ದೊಡ್ಡ ಸಂಸ್ಥೆ ತನ್ನ ಆರು ಸಾಲಪತ್ರ ಫಂಡುಗಳನ್ನು ಮುಚ್ಚಿತು. ಹೂಡಿದವರು ಬೇಕೆಂದಾಗ ಹಣ ತೆಗೆಯಲಾಗಲಿಲ್ಲ. ಷೇರು ಅಲ್ಲ ಎಂಬ ಮಾತ್ರಕ್ಕೆ ಅಪಾಯವಿಲ್ಲ ಎಂದಾಗದು. ಬ್ಯಾಂಕಿನ ಠೇವಣಿಗೂ ವಿಮೆಯ ರಕ್ಷೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ. ಹೆಣ್ಣುಮಕ್ಕಳಿಗೆಂದು ಅಂಚೆ ಕಚೇರಿಯಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಖಾತೆ ಭದ್ರವೇ ಹೌದು, ಆದರೆ ಅದರ ಅವಧಿ ತೆರೆದ ದಿನದಿಂದ ಇಪ್ಪತ್ತೊಂದು ವರ್ಷ. ಐದನೆಯ ವಯಸ್ಸಿನಲ್ಲಿ ತೆರೆದರೆ ಅದು ಮುಗಿಯುವಾಗ ಹುಡುಗಿಗೆ ಇಪ್ಪತ್ತಾರು. ಓದಿಗಾಗಿ ನಡುವೆ ತೆಗೆಯಬಹುದಾದದ್ದು ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಮಾತ್ರ. ಹಣ ಇದ್ದರೆ ಸಾಲದು, ಬೇಕಾದ ದಿನ ಕೈಗೆ ಸಿಗಬೇಕು.

ಸೊಸೆ ಓದು ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ಮೊದಲ ವರ್ಷದ ಸಂಬಳದಲ್ಲೇ ತಾಯಿಯ ಬಳೆಗಳನ್ನು ಬಿಡಿಸಿ ತಂದಳು. ಕಳೆದ ಜೂನಿನಲ್ಲಿ ಮನೆಗೆ ಬಂದಿದ್ದಾಗ ನನ್ನ ನೋಟುಪುಸ್ತಕ ಅವಳ ಕೈಗೆ ಸಿಕ್ಕಿತು. ಪುಟ ತಿರುಗಿಸಿ, 2031, 2032 ಎಂದು ಬರೆದ ಕಡೆ ಬೆರಳಿಟ್ಟು ಕೇಳಿದಳು: “ಮಾವ, ನನ್ನ ಪುಸ್ತಕದಲ್ಲಿ ಈ ಪುಟ ಇರಲಿಲ್ಲ, ಅಲ್ಲವೇ?”

ಇರಲಿಲ್ಲ ಎಂದೆ. ಅವಳು ಪೆನ್ನು ಕೇಳಿ ತೆಗೆದುಕೊಂಡು, ಪ್ರತಿ ದಿನಾಂಕದ ಪಕ್ಕದಲ್ಲೂ ತನ್ನ ಫೋನ್ ನಂಬರನ್ನು ಬರೆದಳು. “ಆ ತಿಂಗಳು ನೀವು ಮರೆತರೆ ನಾನು ಜ್ಞಾಪಿಸುತ್ತೇನೆ” ಎಂದಳು.